ವಂದನಾರ್ಪಣೆ: ಯಾರ ಹೆಸರು ಮೊದಲು?

ಸನ್ಮಾನ ಸಮಾರಂಭದ ಕೊನೆಯಲ್ಲಿ, ಅಧ್ಯಕ್ಷರ ಭಾಷಣ ಮುಗಿದು ರಾಷ್ಟ್ರಗೀತೆಗೆ ಜನರು ಏಳುವುದಕ್ಕೆ ಮುಂಚೆ, ಮೂರು ನಾಲ್ಕು ನಿಮಿಷಗಳ ಒಂದು ಕೆಲಸ ಉಳಿದಿರುತ್ತದೆ. ಅದೇ ವಂದನಾರ್ಪಣೆ. ನಮ್ಮ ಲಿಂಗಂಪಲ್ಲಿಯ ಶಾಲೆಯಲ್ಲಿ ಈ ಕೆಲಸವು ಹೆಚ್ಚಾಗಿ ಒಂಬತ್ತು, ಹತ್ತನೆಯ ತರಗತಿಯ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಭಾಷಣ ಮಾಡುವವನು ಒಂದು ಮಾತನ್ನು ಮರೆತರೆ ಕೇಳುವವರಿಗೆ ಅದು ತಿಳಿಯುವುದೇ ಇಲ್ಲ. ವಂದನೆ ಹೇಳುವವನು ಒಂದು ಹೆಸರನ್ನು ಮರೆತರೆ, ಆ ಹೆಸರಿನವರು ಮೂರೇ ಅಡಿ ದೂರದಲ್ಲಿ ಕುಳಿತಿರುತ್ತಾರೆ. ಆದುದರಿಂದ ಹೆಸರುಗಳ ಕ್ರಮವನ್ನೂ ಅವುಗಳಿಗೆ ಸೇರುವ ಗೌರವವಾಚಕಗಳನ್ನೂ ಇಲ್ಲಿ ವಿವರಿಸುತ್ತೇವೆ.

ಮೊದಲು ಎರಡು ಕ್ರಮಗಳನ್ನು ಬೇರ್ಪಡಿಸಿ ತಿಳಿಯಬೇಕು. ಒಂದು ಸಂಬೋಧನೆಯ ಕ್ರಮ, ಮತ್ತೊಂದು ವಂದನೆಯ ಕ್ರಮ. ಮಾತಿಗೆ ಎದ್ದು ನಿಂತೊಡನೆ “ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ” ಎಂದು ಕರೆಯುವುದು ಸಂಬೋಧನೆ. ಸಭೆಯಲ್ಲಿ ಯಾರೇ ಮಾತನಾಡಿದರೂ ಅಧ್ಯಕ್ಷರ ಅಪ್ಪಣೆಯಿಂದಲೇ ಮಾತನಾಡುವುದರಿಂದ ಇಲ್ಲಿ ಅಧ್ಯಕ್ಷರಿಗೆ ಮೊದಲ ಸ್ಥಾನ. ವಂದನೆಯಾದರೋ ಉಪಕಾರವನ್ನು ನೆನೆಯುವ ಮಾತು. ಅದರ ಕ್ರಮವು ಆ ದಿನ ಯಾರು ಏನನ್ನು ನೆರವೇರಿಸಿದರು ಎಂಬುದನ್ನು ಅನುಸರಿಸುತ್ತದೆಯೇ ಹೊರತು, ಸಭೆಯ ಹೊರಗೆ ಯಾರು ಎಷ್ಟು ದೊಡ್ಡವರು ಎಂಬುದನ್ನಲ್ಲ.

ಸಾಮಾನ್ಯ ಸಭೆಗಳಲ್ಲಿ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು ಎಂಬ ಕ್ರಮವೇ ವಂದನೆಗೂ ನಡೆಯುತ್ತದೆ. ಮಠಾಧೀಶರು ಸಾನ್ನಿಧ್ಯ ವಹಿಸಿದ್ದರೆ ಅವರಿಗೆ ಎಲ್ಲರಿಗಿಂತ ಮೊದಲು ನಮನ ಸಲ್ಲಿಸುವುದು ಕನ್ನಡ ಸಭೆಗಳ ರೂಢಿ. ಸನ್ಮಾನ ಸಮಾರಂಭದಲ್ಲಿ ಮಾತ್ರ ಸನ್ಮಾನಿತರು ಎಂಬ ಮತ್ತೊಬ್ಬರು ಇರುತ್ತಾರೆ. ಅವರು ಉದ್ಘಾಟಿಸುವುದಿಲ್ಲ, ಅಧ್ಯಕ್ಷತೆ ವಹಿಸುವುದಿಲ್ಲ. ಆದರೆ ಅವರಿಲ್ಲದಿದ್ದರೆ ಸಮಾರಂಭವೇ ಇಲ್ಲ. ಕೆಲವು ಕಡೆಗಳಲ್ಲಿ ಅಧ್ಯಕ್ಷರನ್ನೂ ಅತಿಥಿಗಳನ್ನೂ ವಂದಿಸಿದ ಬಳಿಕ ಸನ್ಮಾನಿತರ ಹೆಸರು ಬರುತ್ತದೆ. ಮತ್ತೆ ಕೆಲವು ಕಡೆ ಅವರ ಹೆಸರೇ ಮೊದಲು. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ರೂಢಿಯೇ ಉತ್ತಮ. ಹಾರ ಹಾಕಿಸಿಕೊಂಡವರ ಹೆಸರು ಹಾರ ಹಾಕಿದವರೆಲ್ಲರ ಹೆಸರುಗಳ ಹಿಂದೆ ಐದನೆಯದಾಗಿ ಬಂದರೆ, ಆ ದಿನ ಸನ್ಮಾನವು ಯಾರಿಗೆ ನಡೆಯಿತೆಂದು ಕೇಳುವವರಿಗೆ ಸಂದೇಹ ಹುಟ್ಟಬಹುದು. ಆದರೆ ಅವರನ್ನು “ಬಂದುದಕ್ಕಾಗಿ” ವಂದಿಸಬಾರದು. ನಮ್ಮ ಸನ್ಮಾನವನ್ನು ಸ್ವೀಕರಿಸಿದುದಕ್ಕಾಗಿ ವಂದಿಸಬೇಕು.

ಈಗ ಒಂದು ಸಮಾರಂಭವನ್ನು ಊಹಿಸಿಕೊಳ್ಳೋಣ. ಮೂವತ್ತು ವರ್ಷ ಗಣಿತವನ್ನು ಬೋಧಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರಿಗೆ ಶಾಲೆಯಲ್ಲಿ ಸನ್ಮಾನ. ವೇದಿಕೆಯ ಮೇಲೆ ಆರು ಜನ: ಸನ್ಮಾನಿತರು, ಸಭೆಯ ಅಧ್ಯಕ್ಷತೆ ವಹಿಸಿದ ಆಡಳಿತ ಮಂಡಳಿಯ ಅಧ್ಯಕ್ಷರು, ಮುಖ್ಯ ಅತಿಥಿಗಳಾಗಿ ತೆಲಂಗಾಣದ ಸಂಪುಟದ ಸಚಿವರೊಬ್ಬರು, ಮುಖ್ಯ ಅತಿಥಿಗಳಾಗಿಯೇ ಕರ್ನಾಟಕದ ಸಂಪುಟದ ಸಚಿವರೊಬ್ಬರು, ಅಭಿನಂದನೆಯ ನುಡಿಗಳನ್ನಾಡಿದ ಡಾಕ್ಟರೇಟ್ ಪಡೆದ ವಿದ್ವಾಂಸರು, ಸ್ವಾಗತಿಸಿದ ಮುಖ್ಯೋಪಾಧ್ಯಾಯಿನಿಯವರು. ಮೊದಲು ಸನ್ಮಾನಿತರು, ಎರಡನೆಯದಾಗಿ ಅಧ್ಯಕ್ಷರು ಎಂಬಲ್ಲಿ ತೊಡಕಿಲ್ಲ. ತೊಡಕು ಹುಟ್ಟುವುದು ಇಬ್ಬರು ಸಚಿವರಲ್ಲಿ. ಇಬ್ಬರ ಪಾತ್ರವೂ ಒಂದೇ, ಅಧಿಕಾರವೂ ಒಂದೇ. ಯಾರನ್ನು ಮೊದಲು ಹೇಳಬೇಕು?

ಕನ್ನಡಿಗರಾದ ನಮಗೆ ನಮ್ಮ ನಾಡಿನ ಸಚಿವರ ಹೆಸರು ಮೊದಲು ಬಾಯಿಗೆ ಬರುವುದು ಸಹಜ. ಕರ್ನಾಟಕದಿಂದ ಬಂದು ಇಲ್ಲಿ ಪಾಠ ಹೇಳುವ ನಮ್ಮಂಥವರಿಗಂತೂ ಆ ಮೋಹ ಇನ್ನೂ ಹೆಚ್ಚು. ಆದರೆ ಇಂಥ ಸಂದರ್ಭಕ್ಕೆ ಒಂದು ಅಳತೆಗೋಲು ಇದೆ. 1979ನೆಯ ಇಸವಿಯ ಜುಲೈ 26ರಂದು ರಾಷ್ಟ್ರಪತಿಗಳ ಸಚಿವಾಲಯವು ಅಗ್ರಕ್ರಮದ ಪಟ್ಟಿಯೊಂದನ್ನು ಹೊರಡಿಸಿತು. ಆಮೇಲೆ ಆಗಾಗ ತಿದ್ದುಪಡಿ ಹೊಂದಿದ ಈ ಪಟ್ಟಿಯಲ್ಲಿ ರಾಷ್ಟ್ರಪತಿಗಳಿಂದ ಮೊದಲಾಗಿ ಅಧಿಕಾರಸ್ಥರ ಸ್ಥಾನಗಳಿಗೆ ಸಂಖ್ಯೆಗಳಿವೆ. ಸಂಖ್ಯೆ ಚಿಕ್ಕದಾದಷ್ಟೂ ಸ್ಥಾನ ಮೇಲಿನದು. ರಾಜ್ಯದ ಸಂಪುಟ ಸಚಿವರಿಗೆ ತಮ್ಮ ರಾಜ್ಯದ ಒಳಗೆ 15ನೆಯ ಸ್ಥಾನ, ತಮ್ಮ ರಾಜ್ಯದ ಹೊರಗೆ 18ನೆಯ ಸ್ಥಾನ. ಮುಖ್ಯಮಂತ್ರಿಗಳಿಗೂ ಹೀಗೆಯೇ: ತಮ್ಮ ರಾಜ್ಯದಲ್ಲಿ 7, ಹೊರಗೆ 8. ಹೈದರಾಬಾದಿನಲ್ಲಿ ನಡೆಯುವ ಸಭೆಯಲ್ಲಿ ತೆಲಂಗಾಣದ ಸಚಿವರು ತಮ್ಮ ಮನೆಯಲ್ಲಿರುವವರು, ಕರ್ನಾಟಕದ ಸಚಿವರು ಬಂದ ಬಂಧುಗಳು. ಆದುದರಿಂದ ಇಲ್ಲಿ ತೆಲಂಗಾಣದವರ ಹೆಸರು ಮೊದಲು. ಇದೇ ಇಬ್ಬರು ಬೀದರಿನ ಶಾಲೆಯೊಂದರಲ್ಲಿ ಕುಳಿತಿದ್ದರೆ ಕ್ರಮವು ತಿರುಗಿಬಿಡುತ್ತದೆ.

ಈ ಪಟ್ಟಿಗೆ ಒಂದು ಮಿತಿಯಿದೆ. ಅದು ಸರಕಾರಿ ಮತ್ತು ವಿಧ್ಯುಕ್ತ ಸಮಾರಂಭಗಳಿಗಾಗಿ ಮಾಡಿದುದು. ಶಾಲೆಯ ಸಭೆಯನ್ನು ಅದು ಕಟ್ಟಿಹಾಕುವುದಿಲ್ಲ. ಸನ್ಮಾನಿತರಾದ ಶಿಕ್ಷಕಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಆದರೂ ನಮ್ಮ ಸಭೆಯಲ್ಲಿ ಅವರೇ ಮೊದಲು. ಪಾತ್ರ ಬೇರೆ ಬೇರೆಯಾಗಿದ್ದರೆ ಪಾತ್ರವನ್ನು ನೋಡಬೇಕು. ಪಾತ್ರ ಒಂದೇ ಆಗಿದ್ದು, ಇಬ್ಬರೂ ಅಧಿಕಾರಸ್ಥರಾಗಿದ್ದರೆ ಮಾತ್ರ ಪಟ್ಟಿಯನ್ನು ನೋಡಬೇಕು. ಯಾರಾದರೂ “ಹೀಗೇಕೆ?” ಎಂದು ಕೇಳಿದರೆ ಹೇಳಲು ನಮ್ಮಲ್ಲಿ ಕಾರಣವಿರುತ್ತದೆ.

ಇನ್ನು ಗೌರವವಾಚಕಗಳ ವಿಷಯ. ಇಲ್ಲಿ ಮುಖ್ಯವಾದುದು ಸಮತೂಕ. ಒಬ್ಬರಿಗೆ “ಸನ್ಮಾನ್ಯ, ಜನಪ್ರಿಯ, ಕೊಡುಗೈ ದಾನಿ” ಎಂದು ಮೂರು ವಿಶೇಷಣಗಳನ್ನು ಕೊಟ್ಟು, ಪಕ್ಕದವರಿಗೆ ಬರಿಯ “ಶ್ರೀ” ಎಂದರೆ, ಬಾಯಿಬಿಟ್ಟು ಹೇಳದಿದ್ದರೂ ಪಕ್ಕದವರನ್ನು ಕೆಳಗಿಳಿಸಿದಂತೆಯೇ. “ಮಾನ್ಯ” ಎಂಬುದನ್ನು ಪದವಿಗೆ ಸೇರಿಸಿರಿ, “ಶ್ರೀ” ಅಥವಾ “ಶ್ರೀಮತಿ” ಎಂಬುದನ್ನು ಹೆಸರಿನ ಹಿಂದೆ ಇರಿಸಿರಿ, “ಅವರು” ಎಂಬುದನ್ನು ಎಲ್ಲರ ಹೆಸರಿನ ಮುಂದೆಯೂ ತಪ್ಪದೆ ಹೇಳಿರಿ. “ಮಾನ್ಯ ಸಚಿವರಾದ ಶ್ರೀ ... ಅವರಿಗೆ” ಎಂದರೆ ಸಾಕು. “ರವರಿಗೆ” ಎಂದು ಬರೆಯುವುದು ಕಚೇರಿಗಳಲ್ಲಿ ಬೆಳೆದ ಅಭ್ಯಾಸ. ಪದವು “ಅವರು” ಎಂದೇ ಇರುವುದು. “ಡಾ.” ಇದ್ದಲ್ಲಿ “ಶ್ರೀ” ಬೇಕಿಲ್ಲ. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೆ “ನ್ಯಾಯಮೂರ್ತಿ” ಎಂದರೆ ಅದರಲ್ಲಿಯೇ ಗೌರವವಿದೆ. ಮದುವೆಯಾಗದ ಹಿರಿಯ ಶಿಕ್ಷಕಿಯನ್ನು “ಕುಮಾರಿ” ಎಂದು ಕರೆದರೆ ಸಭೆಯಲ್ಲಿ ಒಂದು ನಗು ಸುಳಿಯಬಹುದು. ಅವರು ತಮ್ಮ ಹೆಸರನ್ನು ಹೇಗೆ ಬರೆಯುತ್ತಾರೆಂದು ಮೊದಲೇ ವಿಚಾರಿಸಿರಿ.

ನಮ್ಮ ಊರಿನಲ್ಲಿ ಮತ್ತೊಂದು ಎಚ್ಚರಿಕೆ ಬೇಕು. ಇಲ್ಲಿ ವೇದಿಕೆಯ ಮೇಲೆ ಕನ್ನಡಿಗರೂ ತೆಲುಗರೂ ಉರ್ದು ಮಾತಿನವರೂ ಒಟ್ಟಿಗೆ ಕೂರುತ್ತಾರೆ. ತೆಲುಗರಿಗೆ “ಗಾರು”, ಉರ್ದು ಮಾತಿನವರಿಗೆ “ಜನಾಬ್”, “ಸಾಹೇಬ್” ರೂಢಿಯಲ್ಲಿವೆ. ಕನ್ನಡದಲ್ಲಿ ವಂದಿಸುವಾಗ ಎಲ್ಲರಿಗೂ “ಅವರು” ಎಂದರೆ ಯಾರಿಗೂ ಕೊರತೆಯಿಲ್ಲ. “ಜನಾಬ್” ಎಂದು ಒಬ್ಬರಿಗೆ ಹೇಳುವುದಾದರೆ ಅದು “ಶ್ರೀ” ಎಂಬುದರ ಬದಲಿಗೇ ಹೊರತು ಅದರ ಜೊತೆಗಲ್ಲ.

ಹೆಸರಿನ ಭಾಗಗಳ ಕ್ರಮವೂ ಎಲ್ಲರಲ್ಲಿ ಒಂದೇ ಅಲ್ಲ. 1952ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಬೂರ್ಗುಲ ರಾಮಕೃಷ್ಣ ರಾವ್ ಅವರ ಹೆಸರಿನಲ್ಲಿ ಮನೆತನವನ್ನು ಸೂಚಿಸುವ “ಬೂರ್ಗುಲ” ಮೊದಲು ಬರುತ್ತದೆ. ಸ್ವಂತ ಹೆಸರು ಆಮೇಲೆ. ವಿಜಾಪುರದ ಕಡೆಯವರಾದ, ಉಪರಾಷ್ಟ್ರಪತಿಗಳಾಗಿದ್ದ ಬಸಪ್ಪ ದಾನಪ್ಪ ಜತ್ತಿ ಅವರ ಹೆಸರಿನಲ್ಲಿ ಸ್ವಂತ ಹೆಸರು ಮೊದಲು, ಮನೆತನದ ಹೆಸರು ಕೊನೆಗೆ. ಆದುದರಿಂದ ಹೆಸರನ್ನು ನೀವೇ ಮೊಟಕು ಮಾಡಲು ಹೋಗದೆ, ಅವರು ಬರೆಯುವ ಕ್ರಮದಲ್ಲಿಯೇ ಪೂರ್ತಿಯಾಗಿ ಹೇಳಿರಿ.

ಬಿರುದು ಪ್ರಶಸ್ತಿಗಳಲ್ಲಿ ಒಂದು ವಿಷಯವನ್ನು ಕಾನೂನೇ ಹೇಳಿದೆ. ನಮ್ಮ ಸಂವಿಧಾನದ 18ನೆಯ ಅನುಚ್ಛೇದದಂತೆ, ಸೈನ್ಯದ ಮತ್ತು ವಿದ್ಯೆಯ ಪದವಿಗಳ ಹೊರತು ಬೇರೆ ಬಿರುದುಗಳನ್ನು ಸರಕಾರವು ಕೊಡಲಾಗದು. ಹಾಗಾದರೆ ಭಾರತರತ್ನ, ಪದ್ಮಶ್ರೀ ಮುಂತಾದುವು ಏನು? 1995ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವು ಬಿರುದುಗಳಲ್ಲವೆಂದೂ, ಆ ಕಾರಣದಿಂದಲೇ ಅವನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಅಂಟಿಸಬಾರದೆಂದೂ ತೀರ್ಪಿತ್ತಿತು. 1908ರ ಮೂಸಿ ನದಿಯ ಪ್ರವಾಹದ ನಂತರ ಈ ನಗರದ ರಕ್ಷಣೆಗೆ ಯೋಜನೆ ಹಾಕಿಕೊಟ್ಟ ವಿಶ್ವೇಶ್ವರಯ್ಯನವರನ್ನು “ಸರ್” ಎನ್ನುವುದು ಬ್ರಿಟಿಷರ ಕಾಲದ ಬಿರುದು. 1955ರಲ್ಲಿ ಅವರಿಗೆ ಸಂದ ಭಾರತರತ್ನವು ಬಿರುದಲ್ಲ, ಪ್ರಶಸ್ತಿ. ಆದುದರಿಂದ “ಪದ್ಮಶ್ರೀ ಇಂಥವರು” ಎನ್ನದೆ “ಪದ್ಮಶ್ರೀ ಪ್ರಶಸ್ತಿ ಪಡೆದ ಶ್ರೀ ಇಂಥವರು” ಎನ್ನಬೇಕು. ಮೂರು ಪದ ಹೆಚ್ಚಾದರೂ ಮಾತು ಸರಿಯಾಗುತ್ತದೆ.

ನಮ್ಮ ಊಹೆಯ ಸಮಾರಂಭದ ವಂದನೆಯು ಹೀಗೆ ಸಾಗಬಹುದು: “ನಮ್ಮ ಸನ್ಮಾನವನ್ನು ಸ್ವೀಕರಿಸಿ ಶಾಲೆಯ ಗೌರವವನ್ನು ಹೆಚ್ಚಿಸಿದ ಶ್ರೀಮತಿ ... ಅವರಿಗೆ, ಸಭೆಯನ್ನು ನಡೆಸಿಕೊಟ್ಟ ಅಧ್ಯಕ್ಷರಾದ ಶ್ರೀ ... ಅವರಿಗೆ, ಮುಖ್ಯ ಅತಿಥಿಗಳಾಗಿ ಆಗಮಿಸಿದ ತೆಲಂಗಾಣದ ಮಾನ್ಯ ಸಚಿವರಾದ ಶ್ರೀ ... ಅವರಿಗೆ, ದೂರದಿಂದ ಬಂದು ಹರಸಿದ ಕರ್ನಾಟಕದ ಮಾನ್ಯ ಸಚಿವರಾದ ಶ್ರೀ ... ಅವರಿಗೆ, ಅಭಿನಂದನೆಯ ನುಡಿಗಳನ್ನಾಡಿದ ಡಾ. ... ಅವರಿಗೆ, ಎಲ್ಲರನ್ನೂ ಸ್ವಾಗತಿಸಿದ ನಮ್ಮ ಮುಖ್ಯೋಪಾಧ್ಯಾಯಿನಿ ಶ್ರೀಮತಿ ... ಅವರಿಗೆ ನಮ್ಮ ವಂದನೆಗಳು.” ಒಬ್ಬೊಬ್ಬರಿಗೆ ಒಂದೊಂದು ಕಾರಣ, ಒಂದೊಂದು ಗೌರವವಾಚಕ. ಆಮೇಲೆ ದಾನಿಗಳು, ಹಾಡಿದ ಮಕ್ಕಳು, ಧ್ವನಿವರ್ಧಕದವರು, ಸಭಿಕರು. ವೇದಿಕೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಬೇಕು, ಕೆಳಗಿನವರನ್ನು ಗುಂಪಾಗಿ ಹೇಳಬೇಕು. “ಮುಂತಾದವರು” ಎಂಬ ಮಾತು ವೇದಿಕೆಗೆ ಸಲ್ಲದು. ನಾಲ್ವರ ಹೆಸರು ಹೇಳಿ “ಮುಂತಾದವರಿಗೆ” ಎಂದರೆ ಉಳಿದಿಬ್ಬರು ಆ ಮುಂತಾದವರೊಳಗೆ ಸೇರಿಹೋಗುತ್ತಾರೆ.

ತಪ್ಪುಗಳು ಹೆಚ್ಚಾಗಿ ಆಗುವುದು ಆಮಂತ್ರಣ ಪತ್ರಿಕೆಯನ್ನೇ ನಂಬಿದಾಗ. ಪತ್ರಿಕೆ ಅಚ್ಚಾದ ಮೇಲೆ ಒಬ್ಬರು ಬಾರದಿರಬಹುದು, ಅಚ್ಚಾಗದ ಮತ್ತೊಬ್ಬರನ್ನು ವೇದಿಕೆಗೆ ಕರೆದಿರಬಹುದು, ಸಚಿವರು ನಡುವೆಯೇ ಹೊರಟುಹೋಗಿರಬಹುದು. ಬಾರದವರು ಸಂದೇಶ ಕಳುಹಿಸಿದ್ದರೆ ಸಂದೇಶಕ್ಕಾಗಿ ವಂದಿಸಿರಿ. ನಡುವೆ ಎದ್ದು ಹೋದವರ ಹೆಸರನ್ನು ಅವರ ಸ್ಥಾನದಲ್ಲಿಯೇ ಹೇಳಿರಿ, ಬಿಡಬೇಡಿರಿ. ಇದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಅಧ್ಯಕ್ಷರು ಮಾತಿಗೆ ಎದ್ದಾಗ ವೇದಿಕೆಯ ಮೇಲಿರುವವರನ್ನು ಎಣಿಸಿರಿ. ಅದಕ್ಕೆ ಮೊದಲೇ ಹೋದವರನ್ನು ಕೂಡಿಸಿರಿ. ನಿಮ್ಮ ಚೀಟಿಯಲ್ಲಿರುವ ವೇದಿಕೆಯವರ ಹೆಸರುಗಳನ್ನೂ ಎಣಿಸಿರಿ. ಎರಡು ಲೆಕ್ಕಗಳೂ ಒಂದಾಗಿದ್ದರೆ ನಿಶ್ಚಿಂತೆಯಿಂದ ಧ್ವನಿವರ್ಧಕದ ಬಳಿಗೆ ಹೋಗಬಹುದು. ಒಂದಾಗದಿದ್ದರೆ, ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಕಾರ್ಯದರ್ಶಿಗಳನ್ನು ಕಂಡು, ಬಿಟ್ಟುಹೋದ ಹೆಸರನ್ನು ಕೇಳಿ ಬರೆದುಕೊಳ್ಳಿರಿ.