ಒಂದೇ ಮುಖಕ್ಕೆ ಎರಡು ವಯಸ್ಸು

2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ವೈದ್ಯಪತ್ರಿಕೆ ಅಮೆರಿಕದ ಟ್ರಕ್ ಚಾಲಕನೊಬ್ಬನ ಫೋಟೊ ಪ್ರಕಟಿಸಿತು. ಆತನಿಗೆ 69 ವರ್ಷ. ಮುಖದ ಬಲಭಾಗ ಆ ವಯಸ್ಸಿಗೆ ಒಪ್ಪುವಂತಿದೆ. ಎಡಭಾಗದಲ್ಲಿ ಮಾತ್ರ ಚರ್ಮ ದಪ್ಪಗಾಗಿ ಜೋತುಬಿದ್ದು, ಉತ್ತ ಹೊಲದ ಸಾಲುಗಳಂತೆ ಗೆರೆಗಳು ಮೂಡಿವೆ. ಎಡಗೆನ್ನೆಯನ್ನಷ್ಟೇ ನೋಡಿದವರು ಇನ್ನೂ ಎಷ್ಟೋ ವರ್ಷ ಸೇರಿಸಿ ಹೇಳಿಯಾರು.

ಆತ 28 ವರ್ಷ ಸರಕು ಸಾಗಿಸುವ ಟ್ರಕ್ ಓಡಿಸಿದ್ದ. ಅಲ್ಲಿ ಚಾಲಕ ಕೂರುವುದು ಎಡಗಡೆ, ಹಾಗಾಗಿ ಕಿಟಕಿಯ ಬಿಸಿಲೆಲ್ಲ ಎಡಗೆನ್ನೆಯ ಪಾಲು. ಕಿಟಕಿ ಮುಚ್ಚಿದ್ದರೆ ಸಾಕಲ್ಲವೇ ಎಂದರೆ, ಸಾಲದು. ನೇರಳಾತೀತ ಕಿರಣಗಳಲ್ಲಿ ಚರ್ಮ ಸುಡುವ ಯುವಿ-ಬಿಯನ್ನು ಗಾಜು ಬಹುಪಾಲು ತಡೆಯುತ್ತದೆ, ಯುವಿ-ಎಯನ್ನು ಒಳಬಿಡುತ್ತದೆ. ಯುವಿ-ಎ ಉರಿ ಹುಟ್ಟಿಸದೆ ಚರ್ಮದ ಒಳಪದರಕ್ಕೆ ಇಳಿಯುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ಎಳೆಗಳನ್ನು ಮುರಿಯುತ್ತದೆ, ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳನ್ನು ಕೆಡಿಸುತ್ತದೆ. ಉರಿಯದ ಕಾರಣ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸುಕ್ಕಿನಲ್ಲಿ ವಯಸ್ಸು ಮತ್ತು ಬಿಸಿಲು ಎರಡೂ ಬೆರೆತಿರುತ್ತವೆ, ಧೂಮಪಾನಿಗಳಲ್ಲಿ ಹೊಗೆಯೂ ಸೇರಿಕೊಳ್ಳುತ್ತದೆ. ಎಷ್ಟು ಪಾಲು ಯಾವುದರದು ಎಂದು ಮುಖ ನೋಡಿ ಬಿಡಿಸುವುದು ಕಷ್ಟ. ಚರ್ಮದ ಬಣ್ಣವೂ ಲೆಕ್ಕ ಬದಲಿಸುತ್ತದೆ. ಮೆಲನಿನ್ ಹೆಚ್ಚಿರುವ ನಮ್ಮಂಥವರ ಚರ್ಮ ಬಿಳಿಯರಿಗಿಂತ ತಡವಾಗಿ ಸುಕ್ಕುಗಟ್ಟುತ್ತದೆ. ನಮ್ಮಲ್ಲಿ ಮೊದಲು ಕಾಣುವುದು ಕೆನ್ನೆಯ ಭಂಗು, ಕಣ್ಣಡಿಯ ಕಪ್ಪು, ಮೈಬಣ್ಣದ ಏರುಪೇರು. ಬಣ್ಣ ಒಂದೇ ಸಮನಾಗಿಲ್ಲದ ಚರ್ಮವನ್ನು ಕಣ್ಣು ಹಳೆಯದೆಂದು ಓದುತ್ತದೆ. ಗೆರೆಗಳೇ ಇಲ್ಲದಿದ್ದರೂ ಅಷ್ಟೇ.

ಇನ್ನು ನರೆಗೂದಲು. ಐವತ್ತಕ್ಕೆ ಐವತ್ತು ಮಂದಿಯಲ್ಲಿ ಅರ್ಧ ತಲೆ ಬೆಳ್ಳಗಾಗುತ್ತದೆ ಎಂಬ ಲೆಕ್ಕ ಚರ್ಮವೈದ್ಯರಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಅಂದರೆ ಐವತ್ತನೇ ವಯಸ್ಸಿನಲ್ಲಿ ನೂರಕ್ಕೆ ಐವತ್ತು ಜನರ ಅರ್ಧದಷ್ಟು ಕೂದಲು ನರೆತಿರಬೇಕು. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಹಲವು ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ತಲೆ ನೋಡಿ ಇದನ್ನು ಅಲ್ಲಗಳೆಯಿತು. ಆ ವಯಸ್ಸಿನಲ್ಲಿ ಅರ್ಧ ನರೆತವರು ಜನಾಂಗಕ್ಕೆ ತಕ್ಕಂತೆ ನೂರಕ್ಕೆ 6ರಿಂದ 23 ಮಂದಿ ಮಾತ್ರ. ಬಿಳಿಯರಿಗಿಂತ ಏಷ್ಯಾ, ಆಫ್ರಿಕಾ ಮೂಲದವರಿಗೆ ನರೆ ಕಡಿಮೆ. ಅದೇ ವೇಳೆ ಇಪ್ಪತ್ತೈದು ತುಂಬುವ ಮೊದಲೇ ನರೆಯುವ ಬಾಲನರೆಯೂ ಇದೆಯಲ್ಲ! ಅದು ಹೆಚ್ಚಾಗಿ ಮನೆತನದ ಬಳುವಳಿ. ಡೈ ಹಚ್ಚುವವರ ವಿಷಯ ಬಿಡಿ.

ಹಾಗಾದರೆ ನಂಬುವುದು ಯಾವುದನ್ನು? ಡೆನ್ಮಾರ್ಕಿನ 59ರಿಂದ 81 ವರ್ಷದ ಅವಳಿ ಸೋದರಿಯರನ್ನು ನೋಡಿದ 2009ರ ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಅಪರಿಚಿತರು ಫೋಟೊ ನೋಡಿ ಹೇಳಿದ ವಯಸ್ಸಿನ ಜೊತೆ ಸುಕ್ಕು ಮತ್ತು ನರೆ ತಂತಮ್ಮಷ್ಟಕ್ಕೆ ಹೊಂದಿಕೊಂಡವು. ಮೂರನೆಯದು ಯಾರೂ ಅಷ್ಟಾಗಿ ಗಮನಿಸದ ಗುರುತು: ತುಟಿಯ ಎತ್ತರ. ವಯಸ್ಸಾದಂತೆ ತುಟಿ ತೆಳುವಾಗುತ್ತ ಹೋಗುತ್ತದೆ. ತುಟಿಯನ್ನೂ ನರೆಯನ್ನೂ ಹೆಚ್ಚಾಗಿ ನಿರ್ಧರಿಸುವುದು ವಂಶವಾಹಿಗಳು. ಸುಕ್ಕಿನಲ್ಲಿ ವಂಶದಷ್ಟೇ ಪಾಲು ಬದುಕಿದ ರೀತಿಗೂ ಇದೆ. ಒಂದೊಂದು ಗುರುತೂ ಬೇರೆ ಬೇರೆ ಕಾರಣಕ್ಕೆ ಸುಳ್ಳು ಹೇಳುವುದರಿಂದ, ಮೂರೂ ಒಂದೇ ಮಾತು ಹೇಳಿದಾಗ ಊಹೆ ಗಟ್ಟಿಯಾಗುತ್ತದೆ ಎಂಬುದು ನನ್ನ ಓದು.

ಆದರೂ ತಪ್ಪು ಸಣ್ಣದಲ್ಲ. ಅಪರಿಚಿತರ ಫೋಟೊ ನೋಡಿ ಹೇಳುವಾಗ ಸರಾಸರಿ ಐದರಿಂದ ಎಂಟು ವರ್ಷದ ವ್ಯತ್ಯಾಸ ಸಾಮಾನ್ಯ. ಅದಕ್ಕೊಂದು ದಿಕ್ಕೂ ಇದೆ: ಎಳೆಯರಿಗೆ ಹೆಚ್ಚು ವಯಸ್ಸು ಕಟ್ಟುತ್ತೇವೆ, ಹಿರಿಯರಿಗೆ ಕಡಿಮೆ. ಆಗಷ್ಟೇ ನೋಡಿದ ಮುಖವೂ ಊಹೆಯನ್ನು ತನ್ನತ್ತ ಎಳೆಯುತ್ತದೆ. ಮುದುಕರೊಬ್ಬರನ್ನು ನೋಡಿದ ಬೆನ್ನಲ್ಲೇ ಬಂದವನಿಗೆ ಒಂದಿಷ್ಟು ವಯಸ್ಸು ಏರಿಬಿಡುತ್ತದೆ. ನಕ್ಕರೆ ಎಳೆಯರಾಗಿ ಕಾಣುತ್ತೇವೆ ಎಂಬ ನಂಬಿಕೆಯನ್ನೂ ಪ್ರಯೋಗಗಳು ಪ್ರಶ್ನಿಸಿವೆ. ನಗುವಾಗ ಕಣ್ಣಂಚಿನಲ್ಲಿ ಮಡಿಕೆ ಬೀಳುವುದರಿಂದ ವಯಸ್ಸು ಕೊಂಚ ಹೆಚ್ಚೇ ಕಂಡೀತು.

ಈ ತಪ್ಪನ್ನು ಒಪ್ಪಿಕೊಂಡೇ ನಡೆಯುವ ಕಾನೂನೊಂದಿದೆ. ಸ್ಕಾಟ್ಲೆಂಡಿನಲ್ಲಿ ಮದ್ಯ ಕೊಳ್ಳಲು 18 ತುಂಬಿರಬೇಕು. ಆದರೆ 2011ರ ಅಕ್ಟೋಬರಿನಿಂದ, 25ಕ್ಕಿಂತ ಚಿಕ್ಕವರಂತೆ ಕಂಡವರಿಗೆಲ್ಲ ಅಂಗಡಿಯವರು ಗುರುತಿನ ಚೀಟಿ ಕೇಳಲೇಬೇಕು. ನಡುವಿನ ಏಳು ವರ್ಷ ಕಣ್ಣಿನ ತಪ್ಪಿಗೆ ಬಿಟ್ಟ ಜಾಗ. ಹದಿನೇಳರ ಹುಡುಗ ಇಪ್ಪತ್ತೆರಡರವನಂತೆ ಕಂಡರೂ ಚೀಟಿ ತೋರಿಸದೆ ಅವನಿಗೆ ಬಾಟಲಿ ಸಿಗುವುದಿಲ್ಲ. ಇಪ್ಪತ್ತಾರರವನಂತೆ ಕಂಡರೆ ಸಿಕ್ಕರೂ ಸಿಕ್ಕೀತು.