ಕೊನೆಯ ಹತ್ತು ಅಂಕಿ ಸಾಕೇ?

ಶಿವಮೊಗ್ಗದ ಒಂದು ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಂಘ ಸುವರ್ಣ ಮಹೋತ್ಸವಕ್ಕೆ ತನ್ನ ಸದಸ್ಯರನ್ನೆಲ್ಲ ಕರೆಯಬೇಕು ಎಂದುಕೊಳ್ಳೋಣ. ಹೆಸರುಗಳು ಮೂರು ಕಡೆಯಿಂದ ಬಂದಿವೆ: ಹಳೆಯ ಸದಸ್ಯತ್ವ ರಿಜಿಸ್ಟರಿನಿಂದ, ಗೂಗಲ್ ಫಾರ್ಮಿನಿಂದ, ಪದಾಧಿಕಾರಿಗಳ ಮೊಬೈಲಿನಲ್ಲಿದ್ದ ಕಾಂಟ್ಯಾಕ್ಟುಗಳಿಂದ. ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಗೆ ಹಾಕಿದ್ದಾರೆ. ಫೋನ್ ನಂಬರಿನ ಕಾಲಂನಲ್ಲಿ ಒಬ್ಬರದೇ ನಂಬರು ಹೀಗೆಲ್ಲ ಕಾಣುತ್ತದೆ:

```
98450 ×××××
098450×××××
+91-98450-×××××
0091 98450 ×××××
```

ಓದುವವರಿಗೆ ಇವೆಲ್ಲ ಒಂದೇ ಎಂದು ತಕ್ಷಣ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಇವು ನಾಲ್ಕು ಬೇರೆ ಬೇರೆ ನಂಬರುಗಳು. ಒಬ್ಬರೇ ಸದಸ್ಯರಿಗೆ ನಾಲ್ಕು ಸಲ ಸಂದೇಶ ಹೋಗುತ್ತದೆ, ಯಾರಿಗೆ ಹೋಗಿಲ್ಲ ಎಂದು ಹುಡುಕುವುದೂ ಆಗುವುದಿಲ್ಲ.

ಎಲ್ಲವನ್ನೂ ತರಬೇಕಾದ ಒಂದು ರೂಪವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಈಗಾಗಲೇ ನಿಗದಿ ಮಾಡಿದೆ. ಅದರ ಹೆಸರು E.164. ಮೊದಲು ದೇಶದ ಕೋಡ್, ಆಮೇಲೆ ಆ ದೇಶದೊಳಗಿನ ಪೂರ್ತಿ ನಂಬರು, ಎಲ್ಲ ಸೇರಿ 15 ಅಂಕಿ ಮೀರಬಾರದು. ಬರೆಯುವಾಗ ಮುಂದೊಂದು ಪ್ಲಸ್ ಇಡುತ್ತಾರೆ. ನಡುವೆ ಖಾಲಿ ಜಾಗ, ಅಡ್ಡಗೆರೆ, ಆವರಣ ಯಾವುದೂ ಇರುವುದಿಲ್ಲ. ಭಾರತದ ಮೊಬೈಲ್ ಆದರೆ ಪ್ಲಸ್, 91, ಹತ್ತು ಅಂಕಿ, ಅಷ್ಟೇ. ಪ್ಲಸ್ ಎಂದರೆ ‘ನೀವಿರುವ ದೇಶದಿಂದ ಹೊರಗೆ ಕರೆ ಮಾಡಲು ಏನು ಒತ್ತಬೇಕೋ ಅದನ್ನು ಇಲ್ಲಿ ಒತ್ತಿ’ ಎಂದರ್ಥ. ಭಾರತದಿಂದ ಅದು 00, ಅಮೆರಿಕದಿಂದ 011. ಹಾಗಾಗಿ 0091 ಎಂದು ಬರೆದಿಟ್ಟ ನಂಬರು ಅಮೆರಿಕದಲ್ಲಿ ಕೂತವರಿಗೆ ಕೆಲಸಕ್ಕೆ ಬಾರದು, +91 ಎಂದು ಬರೆದಿಟ್ಟದ್ದು ಎಲ್ಲಿಂದಲೂ ನಡೆಯುತ್ತದೆ.

ನಂಬರಿನ ಮುಂದೆ ಬರುವ ಒಂಟಿ ಸೊನ್ನೆಯದು ಬೇರೆಯೇ ಕಥೆ. ಅದು ದೇಶದೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಕರೆ ಮಾಡಲು ಒತ್ತುತ್ತಿದ್ದ ಅಂಕಿ. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಎನ್ನುತ್ತೇವೆ, ನಿಜವಾದ ಕೋಡ್ 80. ಮೊಬೈಲಿಗೆ ಸೊನ್ನೆ ಹಾಕುವ ರೂಢಿ ಸತ್ತೇ ಹೋಯಿತು ಎನ್ನುವಾಗ, 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಸೊನ್ನೆ ಕಡ್ಡಾಯವಾಯಿತು. ಆದ್ದರಿಂದ ಪಟ್ಟಿಗಳಲ್ಲಿ ಸೊನ್ನೆ ಇನ್ನೂ ಬಹಳ ಕಾಲ ಇರುತ್ತದೆ. ಎಲ್ಲ ದೇಶದ ಸೊನ್ನೆಯನ್ನೂ ಕಣ್ಣು ಮುಚ್ಚಿ ಕಿತ್ತುಹಾಕುವಂತೆಯೂ ಇಲ್ಲ. ಇಟಲಿಯ ಲ್ಯಾಂಡ್‌ಲೈನಿನಲ್ಲಿ ಆ ಸೊನ್ನೆ ನಂಬರಿನದೇ ಭಾಗ. ರೋಮ್ ನಗರದ ನಂಬರನ್ನು +39 06 ಎಂದೇ ಒತ್ತಬೇಕು.

ಇಷ್ಟು ತಿಳಿದ ಮೇಲೆ ಹೆಚ್ಚಿನವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಅಂಕಿ ಬಿಟ್ಟು ಮಿಕ್ಕ ಚಿಹ್ನೆಗಳನ್ನೆಲ್ಲ ತೆಗೆದು, ಬಲಗಡೆಯ ಹತ್ತು ಅಂಕಿ ಇಟ್ಟುಕೊಂಡು, ಮುಂದೆ +91 ಅಂಟಿಸಿಬಿಡುತ್ತಾರೆ:

```
="+91"&RIGHT(B2,10)
```

ಮೇಲಿನ ನಾಲ್ಕು ಸಾಲಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಪ್ಪಿದಾಗ ಏನೂ ಹೇಳದೆ ತಪ್ಪುವುದು ಇದರ ಅಪಾಯ. ಕತಾರಿನಲ್ಲಿ ಕೆಲಸದಲ್ಲಿರುವ ಸದಸ್ಯರೊಬ್ಬರು ತಮ್ಮ ನಂಬರನ್ನು +974 5××× ×××× ಎಂದು ಸರಿಯಾಗಿಯೇ ಬರೆದಿದ್ದಾರೆ. ಅದು ಒಟ್ಟು ಹನ್ನೊಂದು ಅಂಕಿ. ಕೊನೆಯ ಹತ್ತು ತೆಗೆದರೆ ಮೊದಲ 9 ಹೋಗಿ 745××××××× ಉಳಿಯುತ್ತದೆ. ಭಾರತದ ಮೊಬೈಲುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಈ ತುಂಡು ಹತ್ತಂಕಿಯ ಭಾರತೀಯ ಮೊಬೈಲಿನಂತೆ ಕಾಣುತ್ತದೆ, ಯಾವ ಸಾಮಾನ್ಯ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಆಹ್ವಾನ ಗುರುತೇ ಇಲ್ಲದ ಯಾರಿಗೋ ಹೋಗುತ್ತದೆ. ಒಮಾನಿನ 968, ಕುವೈತಿನ 965, ಬಹರೇನಿನ 973 ಇವಕ್ಕೂ ಇದೇ ಗತಿ. ಕರಾವಳಿಯ ಯಾವ ಸಂಘದ ಪಟ್ಟಿಯಲ್ಲಿ ಗಲ್ಫಿನ ನಂಬರು ಇಲ್ಲ ಹೇಳಿ!

ಇನ್ನೊಬ್ಬರು ಒಂದೇ ಖಾನೆಯಲ್ಲಿ ಮೊಬೈಲ್ ಬರೆದು, ಗೀಟು ಹಾಕಿ, ಮನೆಯ ಲ್ಯಾಂಡ್‌ಲೈನನ್ನೂ ಬರೆದಿದ್ದಾರೆ. ಚಿಹ್ನೆ ತೆಗೆದರೆ ಎರಡೂ ಕೂಡಿ ಹದಿನಾರು ಅಂಕಿಯ ಸರಪಳಿ. ಕೊನೆಯ ಹತ್ತು ಎಂದರೆ ಮೊಬೈಲಿನ ಬಾಲ ಮತ್ತು ಲ್ಯಾಂಡ್‌ಲೈನ್ ಸೇರಿದ, ಯಾರದೂ ಅಲ್ಲದ ನಂಬರು. ಒಂದು ಅಂಕಿ ಬಿಟ್ಟು ಒಂಬತ್ತೇ ಬರೆದಿದ್ದರೂ ಈ ಸೂತ್ರ ತಡವರಿಸುವುದಿಲ್ಲ, ಇರುವ ಒಂಬತ್ತಕ್ಕೇ +91 ಸೇರಿಸಿ ಮುಂದೆ ಹೋಗುತ್ತದೆ.

ಆದ್ದರಿಂದ ಕತ್ತರಿಸುವ ಮೊದಲು ಎಣಿಸಬೇಕು. ಮೂಲ ಕಾಲಂ ಹಾಗೇ ಇರಲಿ, ಪಕ್ಕದಲ್ಲಿ ಹೊಸ ಕಾಲಂ ಮಾಡಿ. ಗೀಟು, ಅಲ್ಪವಿರಾಮ ಇದ್ದ ಕಡೆ ಮೊದಲೇ ಎರಡು ನಂಬರಾಗಿ ಬಿಡಿಸಿ. ಮೊದಲ ಚಿಹ್ನೆ ಪ್ಲಸ್ ಆಗಿತ್ತೇ ಎಂದು ಬರೆದಿಟ್ಟುಕೊಂಡು, ಆಮೇಲೆ ಚಿಹ್ನೆಗಳನ್ನು ತೆಗೆಯಿರಿ. ಪ್ಲಸ್ ಇದ್ದರೆ ಅಥವಾ 00ಯಿಂದ ಶುರುವಾಗಿದ್ದರೆ ದೇಶದ ಕೋಡ್ ಒಳಗೇ ಇದೆ, 91 ತಾನಾಗಿ ಸೇರಿಸುವಂತಿಲ್ಲ. ಅವೆರಡೂ ಇಲ್ಲದಿದ್ದರೆ ಉದ್ದವೇ ದಾರಿ ತೋರಿಸುತ್ತದೆ. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತು ಅಂಕಿಗೆ +91 ಸೇರಿಸಿ. ಸೊನ್ನೆಯಿಂದ ಶುರುವಾಗುವ ಹನ್ನೊಂದಾದರೆ ಸೊನ್ನೆ ತೆಗೆದು ಸೇರಿಸಿ. 91ರಿಂದ ಶುರುವಾಗುವ ಹನ್ನೆರಡಾದರೆ ಪ್ಲಸ್ ಮಾತ್ರ ಇಡಿ. ಇವು ಯಾವುದಕ್ಕೂ ಹೊಂದದ್ದನ್ನು ಮುಟ್ಟದೆ ಬೇರೆ ಪಟ್ಟಿಗೆ ಹಾಕಿ.

ಎಣಿಕೆ ಯಾಕೆ ಮುಖ್ಯ ಎನ್ನುವುದಕ್ಕೆ 91ರಿಂದಲೇ ಶುರುವಾಗುವ ಮೊಬೈಲುಗಳು ಸಾಕ್ಷಿ. 91640 ××××× ಎಂಬುದು ತಾನಾಗಿಯೇ ಪೂರ್ತಿ ಹತ್ತು ಅಂಕಿ. ‘ಮುಂದೆ 91 ಇದ್ದರೆ ತೆಗೆ’ ಎಂದು ನಿಯಮ ಬರೆದವರು ಅದನ್ನು ಎಂಟು ಅಂಕಿಗೆ ಇಳಿಸಿಬಿಡುತ್ತಾರೆ. ಮುಂದೆ ಸೊನ್ನೆ ಸೇರಿ 091640××××× ಆಗಿದ್ದರೆ 091 ಎಂಬುದೇ ದೇಶದ ಕೋಡಿನಂತೆ ಕಂಡು ಇನ್ನೂ ಮೋಸವಾಗುತ್ತದೆ. ಹನ್ನೊಂದೇ ಅಂಕಿ ಇದೆ ಎಂದು ಎಣಿಸಿದವರಿಗೆ ಮಾತ್ರ ತೆಗೆಯಬೇಕಾದ್ದು ಸೊನ್ನೆಯೊಂದೇ ಎಂದು ಗೊತ್ತಾಗುತ್ತದೆ.

ರಿಜಿಸ್ಟರಿನ ಕಾಲದ ಸದಸ್ಯರು ಬರೀ ಲ್ಯಾಂಡ್‌ಲೈನ್ ಕೊಟ್ಟಿದ್ದಾರೆ, ಅದೂ ಕೋಡ್ ಇಲ್ಲದೆ. ಇಲ್ಲಿ ನಮ್ಮ ನಂಬರುಗಳ ಅಚ್ಚುಕಟ್ಟಾದ ಒಂದು ಲೆಕ್ಕ ಸಹಾಯಕ್ಕೆ ಬರುತ್ತದೆ. ಸೊನ್ನೆ ಬಿಟ್ಟು ಎಸ್‌ಟಿಡಿ ಕೋಡ್ ಮತ್ತು ಊರಿನ ನಂಬರು ಸೇರಿದರೆ ಯಾವಾಗಲೂ ಹತ್ತು. ಬೆಂಗಳೂರಿಗೆ 80 ಮತ್ತು ಎಂಟು ಅಂಕಿ, ಮೈಸೂರಿಗೆ 821 ಮತ್ತು ಏಳು, ಶಿವಮೊಗ್ಗಕ್ಕೆ 8182 ಮತ್ತು ಆರು. ಆರಂಕಿಯ ನಂಬರಿನ ಪಕ್ಕದ ವಿಳಾಸದಲ್ಲಿ ಶಿವಮೊಗ್ಗ ಎಂದಿದ್ದರೆ ಕೋಡ್ ಸೇರಿಸಬಹುದು. ಏಳಂಕಿ ಇದ್ದರೆ ಎಲ್ಲೋ ತಪ್ಪಿದೆ, ಕೈ ಹಾಕಬಾರದು.

ಹಾಗೆ ಸರಿಪಡಿಸಿದ ಲ್ಯಾಂಡ್‌ಲೈನ್ ಕೂಡ 8ರಿಂದ ಶುರುವಾಗುವ ಹತ್ತು ಅಂಕಿಯೇ ಆಗುತ್ತದೆ. 80ರಿಂದ ಶುರುವಾಗುವ ಮೊಬೈಲುಗಳೂ ಇವೆ. ರೂಪ ಒಂದಾದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಲ್ಯಾಂಡ್‌ಲೈನಿಗೆ ಎಸ್ಸೆಮ್ಮೆಸ್ ಕಳಿಸಿ ಉತ್ತರ ಬರಲಿಲ್ಲ ಎಂದು ಸದಸ್ಯರನ್ನು ಪಟ್ಟಿಯಿಂದ ಬಿಟ್ಟರೆ ಅದು ಅನ್ಯಾಯ. ಇದು ಲ್ಯಾಂಡ್‌ಲೈನ್ ಎಂದು ಗೊತ್ತಿರುವಾಗಲೇ ಇನ್ನೊಂದು ಕಾಲಂನಲ್ಲಿ ಬರೆದಿಡಬೇಕು.

ಎಕ್ಸೆಲ್ ತಾನೇ ಮಾಡುವ ಹಾನಿ ಇದಕ್ಕಿಂತ ಮೊದಲೇ ಆಗಿರುತ್ತದೆ. ಖಾನೆಯನ್ನು `Text` ಎಂದು ಮೊದಲೇ ಹೊಂದಿಸದಿದ್ದರೆ ಅದು ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಎಂದುಕೊಳ್ಳುತ್ತದೆ. ಮುಂದಿನ ಸೊನ್ನೆ ಮಾಯವಾಗುತ್ತದೆ. ಪ್ಲಸ್‌ನಿಂದ ಶುರುವಾಗಿ ನಡುವೆ ಅಡ್ಡಗೆರೆ ಇದ್ದರೆ ಕಳೆಯುವ ಲೆಕ್ಕವನ್ನೇ ಮಾಡಿಬಿಡುತ್ತದೆ: `+91-50000-12345` ಎಂದು ಟೈಪ್ ಮಾಡಿ ನೋಡಿ, ಖಾನೆಯಲ್ಲಿ `-62254` ಬರುತ್ತದೆ. ಹನ್ನೆರಡು ಅಂಕಿಯ ನಂಬರಂತೂ `9.19845E+11` ಎಂದು ಕುಗ್ಗುತ್ತದೆ. ಅಲ್ಲಿಯವರೆಗೆ ಒಳಗೆ ಅಂಕಿಗಳು ಸುರಕ್ಷಿತ. ಖಾನೆಯ ಮಾದರಿ ಬದಲಿಸಿದರೆ ಪೂರ್ತಿ ನಂಬರು ವಾಪಸ್ ಬರುತ್ತದೆ. ಆದರೆ ಆ ಸ್ಥಿತಿಯಲ್ಲೇ ಫೈಲನ್ನು `CSV` ಆಗಿ ಉಳಿಸಿದರೆ ತೆರೆಯ ಮೇಲೆ ಕಂಡದ್ದೇ ಫೈಲಿಗೆ ಹೋಗುತ್ತದೆ, ಮಿಕ್ಕ ಅಂಕಿಗಳು ಶಾಶ್ವತವಾಗಿ ಅಳಿಯುತ್ತವೆ. ಮತ್ತೆ ತೆರೆದಾಗ ಸಿಗುವುದು 919845000000. ಉದ್ದ ಸರಿಯಿದೆ, ಆರಂಭ ಸರಿಯಿದೆ, ನಂಬರು ಮಾತ್ರ ಸುಳ್ಳು. ಪಟ್ಟಿಯಲ್ಲಿ ಸೊನ್ನೆಗಳ ಸಾಲಿನಿಂದ ಕೊನೆಯಾಗುವ ನಂಬರುಗಳು ಒಂದಕ್ಕಿಂತ ಹೆಚ್ಚು ಕಂಡರೆ ಇದೇ ಆಗಿದೆ ಎಂದು ತಿಳಿಯಬೇಕು. ಅದಕ್ಕೆ ಯಾವ ಸೂತ್ರವೂ ಇಲ್ಲ, ಮೂಲ ಫೈಲಿಗೇ ಹೋಗಬೇಕು.

ಕಣ್ಣಿಗೆ ಕಾಣದ ತೊಡಕುಗಳೂ ಇವೆ. ಮೊಬೈಲಿನ ಕಾಂಟ್ಯಾಕ್ಟಿನಿಂದ ಕಾಪಿ ಮಾಡಿದ ನಂಬರಿನ ಎರಡು ತುದಿಗೂ ಕೆಲವೊಮ್ಮೆ ಅಗೋಚರ ಅಕ್ಷರಗಳು ಅಂಟಿಕೊಂಡು ಬರುತ್ತವೆ. ಅದನ್ನು `LEN` ಸೂತ್ರ ಹಿಡಿದುಕೊಡುತ್ತದೆ: ಹತ್ತು ಅಂಕಿ ಕಾಣುತ್ತಿರುವ ಕಡೆ ಅದು 12 ಎನ್ನುತ್ತದೆ. ಕನ್ನಡದ ಪಟ್ಟಿಗಳಿಗೆ ನಮ್ಮದೇ ಒಂದು ಎಚ್ಚರಿಕೆಯೂ ಬೇಕು. ಫಾರ್ಮು ತುಂಬುವಾಗ ಕೆಲವರು ೯೮೪೫೦ ಎಂದು ಕನ್ನಡ ಅಂಕಿಗಳಲ್ಲಿ ಬರೆಯುತ್ತಾರೆ, ಬರೆಯಲೂ ಬೇಕು. ‘ಅಂಕಿಯಲ್ಲದ್ದನ್ನು ತೆಗೆ’ ಎಂಬ ಒಂದೇ ಆದೇಶ ಜಾವಾಸ್ಕ್ರಿಪ್ಟಿನಲ್ಲಿ ಈ ಅಂಕಿಗಳನ್ನು ಪೂರ್ತಿ ಅಳಿಸಿ ಖಾನೆಯನ್ನು ಖಾಲಿ ಮಾಡುತ್ತದೆ, ಪೈಥಾನಿನಲ್ಲಿ ಅವನ್ನು ಅಂಕಿಗಳೆಂದೇ ಒಪ್ಪಿ ಹಾಗೇ ಉಳಿಸುತ್ತದೆ. ಎರಡರಲ್ಲೂ ಮೊದಲು ಅವನ್ನು 98450 ಎಂದು ಬದಲಿಸಿಕೊಂಡೇ ಮುಂದುವರಿಯಬೇಕು.

ಇಷ್ಟೆಲ್ಲ ಮಾಡಿದರೂ ಅಂಕಿಗಳು ಹೇಳಲಾರದ ಒಂದು ವಿಷಯ ಉಳಿಯುತ್ತದೆ. ಅಮೆರಿಕದ ನಂಬರೂ ದೇಶದ ಕೋಡ್ ಬಿಟ್ಟರೆ ಹತ್ತೇ ಅಂಕಿ. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಊರುಗಳ ಕೋಡ್ 650. ಅಲ್ಲಿಯ ಕನ್ನಡಿಗರೊಬ್ಬರು ರೂಢಿಯಂತೆ ಬರೀ ಹತ್ತು ಅಂಕಿ ಬರೆದರೆ ಅದು 6ರಿಂದ ಶುರುವಾಗುವ ಭಾರತದ ಮೊಬೈಲಿನಂತೆಯೇ ಇರುತ್ತದೆ. ಆಂಡ್ರಾಯ್ಡ್ ಫೋನುಗಳು ಬಳಸುವ, ಗೂಗಲ್ ಉಚಿತವಾಗಿ ಕೊಟ್ಟಿರುವ `libphonenumber` ಎಂಬ ತಂತ್ರಾಂಶಕ್ಕೂ ಪ್ಲಸ್ ಇಲ್ಲದ ನಂಬರು ಕೊಟ್ಟಾಗ ಯಾವ ದೇಶದ್ದೆಂದು ನಾವೇ ಹೇಳಬೇಕು. ಅದು ‘ಸರಿ’ ಎಂದರೆ ಆ ದೇಶದ ನಂಬರುಗಳ ವ್ಯವಸ್ಥೆಗೆ ಹೊಂದುತ್ತದೆ ಎಂದಷ್ಟೇ ಅರ್ಥ. ಆ ನಂಬರು ಚಾಲ್ತಿಯಲ್ಲಿದೆಯೇ, ಈಗ ಯಾರ ಕೈಯಲ್ಲಿದೆ ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಸೂತ್ರ ಹಾಕುವ ಮೊದಲು ಪಕ್ಕದ ‘ಈಗಿನ ಊರು’ ಕಾಲಂ ನೋಡಬೇಕು. ಹೊಸ ಫಾರ್ಮು ಮಾಡುವವರು ದೇಶವನ್ನು ಬೇರೆ ಖಾನೆಯಲ್ಲೇ ಕೇಳಿಬಿಡುವುದು ಒಳ್ಳೆಯದು.

ನಂಬರುಗಳು ಒಂದೇ ರೂಪಕ್ಕೆ ಬಂದ ಮೇಲೆ ಎರಡೆರಡು ಸಲ ಬಂದವು ಕಣ್ಣಿಗೆ ಬೀಳುತ್ತವೆ. ಆಗ `Remove Duplicates` ಒತ್ತುವ ಆತುರ ಬೇಡ. ಅದೇ ಶಾಲೆಯಲ್ಲಿ ಓದಿದ ಅಣ್ಣ ತಂಗಿ ಇಬ್ಬರೂ ಅಮ್ಮನ ಮನೆಯ ಲ್ಯಾಂಡ್‌ಲೈನನ್ನೇ ಕೊಟ್ಟಿರಬಹುದು. ನಂಬರು ಒಂದಾಗಿ ಹೆಸರು ಬೇರೆ ಇದ್ದರೆ ಎರಡೂ ಸಾಲು ಉಳಿಯಲಿ. ಯಾವ ನಿಯಮಕ್ಕೂ ಹೊಂದದೆ ಬೇರೆ ಪಟ್ಟಿಗೆ ಹೋದ ಹೆಸರುಗಳನ್ನು ಆಯಾ ಬ್ಯಾಚಿನವರಿಗೆ ಹಂಚಿದರೆ, ಸಹಪಾಠಿಗಳ ಸರಿಯಾದ ನಂಬರನ್ನು ಅವರೇ ವಿಚಾರಿಸಿ ತಂದುಕೊಡುತ್ತಾರೆ.