ಅರವತ್ತು ಚೌಕ, ಆರು ಪ್ಲಾಟು: ಹುಸಿ ಪುನರಾವರ್ತನೆಯ ಆಕ್ಷೇಪಕ್ಕೆ ಉತ್ತರ ಬರೆಯುವಾಗ

ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸಿ ತಿಂಗಳುಗಟ್ಟಲೆ ಕಾದ ಮೇಲೆ ವಿಮರ್ಶಕರ ಟಿಪ್ಪಣಿ ಬರುತ್ತದೆ. ಅದರಲ್ಲಿ ಒಂದು ಸಾಲು: 'ಈ ಪ್ರಯೋಗದ ವಿನ್ಯಾಸದಲ್ಲಿ ಸೂಡೋರೆಪ್ಲಿಕೇಶನ್ ಇದೆ.' ಹುಲ್ಲುಗಾವಲು, ಕಾಡು, ಕೆರೆಗಳಲ್ಲಿ ಪ್ರಯೋಗ ಮಾಡುವವರು ಇಷ್ಟು ಹೆದರುವ ಆಕ್ಷೇಪ ಇನ್ನೊಂದಿಲ್ಲ. ಹೆದರಿಕೆಯ ಜೊತೆಗೇ ಒಂದಷ್ಟು ತಪ್ಪು ತಿಳಿವಳಿಕೆಯೂ ಬೆಳೆದುಬಂದಿದೆ, ಉತ್ತರಪತ್ರಗಳು ಹದಗೆಡುವುದು ಬಹುಪಾಲು ಅದರಿಂದಲೇ.

ಸೂಡೋರೆಪ್ಲಿಕೇಶನ್, ಅಂದರೆ ಹುಸಿ ಪುನರಾವರ್ತನೆ, ಎಂಬ ಮಾತನ್ನು ಪರಿಸರ ವಿಜ್ಞಾನದಲ್ಲಿ ನೆಲೆಗೊಳಿಸಿದವರು ಅಮೆರಿಕದ ಸ್ಟುವರ್ಟ್ ಹರ್ಲ್‌ಬರ್ಟ್. 1984ರಲ್ಲಿ 'ಇಕಲಾಜಿಕಲ್ ಮೊನೊಗ್ರಾಫ್ಸ್' ಪತ್ರಿಕೆಯಲ್ಲಿ ಅವರು 176 ಪ್ರಯೋಗಗಳ ವರದಿಗಳನ್ನು ಜಾಲಾಡಿದರು. ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದ್ದ ವರದಿಗಳಲ್ಲಿ ಶೇ. 48ರಷ್ಟರಲ್ಲಿ ಈ ದೋಷ ಕಂಡಿತು. ಅಂದರೆ ಹೆಚ್ಚುಕಡಿಮೆ ಅರ್ಧ.

ವಿಷಯ ತಿಳಿಯಾಗಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಂಕಿಗಳು ಕಾಲ್ಪನಿಕ, ಲೆಕ್ಕ ನಿಜ. ಚಿತ್ರದುರ್ಗದ ಕಡೆಯ ಒಂದು ಕಾವಲಿನಲ್ಲಿ ದನಕುರಿ ಮೇಯದಂತೆ ಬೇಲಿ ಹಾಕಿದರೆ ಹುಲ್ಲು ಎಷ್ಟು ಹೆಚ್ಚುತ್ತದೆ ಎಂಬುದು ಪ್ರಶ್ನೆ. ಆರು ಪ್ಲಾಟು ಗುರುತಿಸಿ, ಚೀಟಿ ಎತ್ತಿ ಮೂರಕ್ಕೆ ಬೇಲಿ ಹಾಕಿದ್ದಾರೆ, ಮೂರನ್ನು ತೆರೆದು ಬಿಟ್ಟಿದ್ದಾರೆ. ಮಳೆಗಾಲ ಮುಗಿದ ಮೇಲೆ ಪ್ರತಿ ಪ್ಲಾಟಿನಲ್ಲಿ ಅರ್ಧ ಮೀಟರ್ ಬದಿಯ ಹತ್ತು ಚೌಕಗಳಿಂದ ಹುಲ್ಲು ಕೊಯ್ದು, ಒಣಗಿಸಿ ತೂಗಿದ್ದಾರೆ. ಒಟ್ಟು ಅರವತ್ತು ತೂಕ. ಬೇಲಿಯೊಳಗಿನ ಪ್ಲಾಟುಗಳ ಸರಾಸರಿ 30, 38, 28 ಗ್ರಾಂ; ತೆರೆದವು 20, 27, 25 ಗ್ರಾಂ. ಗುಂಪಿನ ಸರಾಸರಿ 32 ಮತ್ತು 24, ವ್ಯತ್ಯಾಸ 8 ಗ್ರಾಂ. ಒಂದೇ ಪ್ಲಾಟಿನೊಳಗೆ ಚೌಕದಿಂದ ಚೌಕಕ್ಕೆ ಇರುವ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಶನ್ 8 ಗ್ರಾಂ ಎಂದಿಟ್ಟುಕೊಳ್ಳಿ.

ತಪ್ಪು ಕಲ್ಪನೆ: ಅರವತ್ತು ಸಲ ತೂಗಿದ್ದೇವೆ, ಆದ್ದರಿಂದ ಮಾದರಿಗಳ ಸಂಖ್ಯೆ ಅರವತ್ತು.

ಬೇಲಿ ಹಾಕಿದ್ದು ಚೌಕಕ್ಕಲ್ಲ, ಪ್ಲಾಟಿಗೆ. ಉಪಚಾರ ಯಾವುದಕ್ಕೆ ಕೊಟ್ಟೆವೋ ಅದೇ ಪ್ರಯೋಗದ ಘಟಕ. ಒಂದು ಪಾತ್ರೆಯಿಂದ ಹತ್ತು ಅಗುಳು ಹಿಚುಕಿದರೆ ಆ ಪಾತ್ರೆಯ ಅನ್ನ ಬೆಂದಿತೇ ಎಂಬುದು ಚೆನ್ನಾಗಿ ತಿಳಿಯುತ್ತದೆ, ಆ ಅಕ್ಕಿ ಎಲ್ಲ ಒಲೆಯ ಮೇಲೂ ಹಾಗೇ ಬೇಯುತ್ತದೆಯೇ ಎಂಬುದು ತಿಳಿಯುವುದಿಲ್ಲ. ಎರಡನೇ ಪ್ಲಾಟಿನಲ್ಲಿ ಮಣ್ಣು ಆಳವಾಗಿದ್ದರೆ ಅದರ ಹತ್ತೂ ಚೌಕಗಳು ಒಟ್ಟಿಗೆ ಹೆಚ್ಚು ತೂಗುತ್ತವೆ. ಅವು ಹತ್ತು ಬೇರೆ ಬೇರೆ ಸಾಕ್ಷಿಗಳಲ್ಲ.

ಇದರಿಂದ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಅರವತ್ತು ಚೌಕಗಳನ್ನೂ ಸ್ವತಂತ್ರವೆಂದು ಹಿಡಿದರೆ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ 2.2 ಗ್ರಾಂ, ಟಿ ಮೌಲ್ಯ 3.6, ಪಿ ಮೌಲ್ಯ 0.001ಕ್ಕಿಂತ ಕಡಿಮೆ. ಆರು ಪ್ಲಾಟುಗಳ ಸರಾಸರಿಯಿಂದ ಲೆಕ್ಕ ಹಾಕಿದರೆ ಸ್ಟ್ಯಾಂಡರ್ಡ್ ಎರರ್ 3.7, ಟಿ ಮೌಲ್ಯ 2.16, ಡಿಗ್ರೀಸ್ ಆಫ್ ಫ್ರೀಡಂ ನಾಲ್ಕೇ, ಪಿ ಮೌಲ್ಯ ಸುಮಾರು 0.10. ಹೊಲ ಅದೇ, ಹುಲ್ಲು ಅದೇ, 8 ಗ್ರಾಂ ವ್ಯತ್ಯಾಸವೂ ಅದೇ. ಆ ವ್ಯತ್ಯಾಸವನ್ನು ಎಷ್ಟು ಧೈರ್ಯದಿಂದ ಹೇಳಬಹುದು ಎಂಬುದು ಮಾತ್ರ ಬದಲಾಗಿದೆ.

'ಹಾಗಾದರೆ ಇನ್ನಷ್ಟು ಚೌಕ ಕೊಯ್ಯುತ್ತೇವೆ' ಎಂದು ಕೆಲವರು ಉತ್ತರದಲ್ಲಿ ಬರೆಯುತ್ತಾರೆ. ಪ್ಲಾಟಿಗೆ ಹತ್ತರ ಬದಲು ನಲವತ್ತು ಚೌಕ ಕೊಯ್ದರೂ ಸ್ಟ್ಯಾಂಡರ್ಡ್ ಎರರ್ 3.7ರಿಂದ 3.2ಕ್ಕೆ ಇಳಿಯುತ್ತದೆ, ಅಷ್ಟೆ. ಪ್ಲಾಟು ಪ್ಲಾಟಿನ ನಡುವಿನ ಅಂತರ ಎಷ್ಟು ಕೊಯ್ದರೂ ಕರಗುವುದಿಲ್ಲ. ಅದೇ ಅರವತ್ತು ಚೌಕಗಳನ್ನು ಹನ್ನೆರಡು ಪ್ಲಾಟುಗಳಿಗೆ ಐದೈದರಂತೆ ಹಂಚಿದ್ದರೆ ಅದು 3.0ಕ್ಕೆ ಇಳಿದು, ಡಿಗ್ರೀಸ್ ಆಫ್ ಫ್ರೀಡಂ ಹತ್ತಕ್ಕೆ ಏರುತ್ತಿತ್ತು. 8 ಗ್ರಾಂ ವ್ಯತ್ಯಾಸ ಶೇ. 5ರ ಗೆರೆಯನ್ನು ಆರಾಮವಾಗಿ ದಾಟುತ್ತಿತ್ತು. ಕೊಯ್ಯುವ ಕೂಲಿ ಒಂದೇ, ಬೇಲಿಯ ಖರ್ಚು ಮಾತ್ರ ಹೆಚ್ಚು. ಪ್ರಯೋಗಕ್ಕೆ ಮೊದಲೇ ಹಾಕಬೇಕಾದ ಲೆಕ್ಕ ಇದು.

ತಪ್ಪು ಕಲ್ಪನೆ: ಈ ಆಕ್ಷೇಪ ಬಂದರೆ ಪ್ರಯೋಗವೇ ಹಾಳಾದಂತೆ.

ಹರ್ಲ್‌ಬರ್ಟ್ ಅವರ ವ್ಯಾಖ್ಯೆಯನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಕಾಣುತ್ತದೆ. ಹುಸಿ ಪುನರಾವರ್ತನೆ ಬರೀ ಹೊಲದ ವಿನ್ಯಾಸದಲ್ಲಿ ಇರುವ ದೋಷವಲ್ಲ. ವಿನ್ಯಾಸ ಒಂದು ಥರ ಇದ್ದು, ಅದರ ಮೇಲೆ ಹೂಡಿದ ಪರೀಕ್ಷೆ ಇನ್ನೊಂದು ಥರ ಇದ್ದಾಗ ಹುಟ್ಟುವ ದೋಷ. ವಿಮರ್ಶಕರು 'ವಿನ್ಯಾಸ ತಪ್ಪು' ಎಂದು ಬರೆದರೂ ಅನೇಕ ಸಲ ತಪ್ಪಿರುವುದು ವಿಶ್ಲೇಷಣೆಯ ಕೋಷ್ಟಕದಲ್ಲಿ. ನಮ್ಮ ಕಾವಲಿನ ಪ್ರಯೋಗದಲ್ಲಿ ಚೀಟಿ ಎತ್ತಿ ಹಂಚಿದ ಮೂರು ಮೂರು ನಿಜವಾದ ಪುನರಾವರ್ತನೆಗಳಿವೆ. ಸಂಖ್ಯೆ ಕಡಿಮೆ, ಆದರೆ ಅಸಲಿ. ಹಾಗಾಗಿ ಹೊಲವನ್ನು ಸಮರ್ಥಿಸಿಕೊಳ್ಳುತ್ತ ಎರಡು ಪುಟ ಬರೆಯುವುದು ವ್ಯರ್ಥ. ಉತ್ತರದ ತಿರುಳು ಹೀಗಿದ್ದರೆ ಸಾಕು:

'ವಿಮರ್ಶಕರ ಮಾತು ಸರಿ. ಬೇಲಿಯ ಉಪಚಾರ ಪ್ಲಾಟುಗಳಿಗೆ ಹಂಚಿಕೆಯಾಗಿದ್ದು, ಮೊದಲ ಪ್ರತಿಯಲ್ಲಿ ನಾವು ಚೌಕಗಳನ್ನು ಘಟಕವೆಂದು ಎಣಿಸಿದ್ದೆವು. ಈಗ ಪ್ಲಾಟನ್ನೇ ಘಟಕವಾಗಿಟ್ಟು (ಪ್ರತಿ ಉಪಚಾರಕ್ಕೆ ಮೂರು) ವಿಶ್ಲೇಷಣೆ ಮರಳಿ ಮಾಡಿದ್ದೇವೆ. ವ್ಯತ್ಯಾಸದ ಅಂದಾಜು 8 ಗ್ರಾಂ ಆಗಿಯೇ ಉಳಿದಿದೆ, ಅದರ ಶೇ. 95ರ ವಿಶ್ವಾಸಾಂತರ -2.3ರಿಂದ 18.3 ಗ್ರಾಂ. ಆದ್ದರಿಂದ "ಬೇಲಿಯಿಂದ ಹುಲ್ಲು ಹೆಚ್ಚಿತು" ಎಂಬ ವಾಕ್ಯವನ್ನು ಶೀರ್ಷಿಕೆಯಿಂದಲೂ ಸಾರಾಂಶದಿಂದಲೂ ತೆಗೆದಿದ್ದೇವೆ. ಆರು ಪ್ಲಾಟುಗಳ ಸರಾಸರಿಗಳನ್ನು ಹೊಸ ಚಿತ್ರದಲ್ಲಿ ಒಂದೊಂದಾಗಿ ತೋರಿಸಿದ್ದೇವೆ.'

ಕೊನೆಯ ಎರಡು ವಾಕ್ಯಗಳೇ ಸಂಪಾದಕರನ್ನು ಒಪ್ಪಿಸುವುದು. ಕೋಷ್ಟಕ ತಿದ್ದಿ, ಸಾರಾಂಶದಲ್ಲಿ ಹಳೆಯ ಘೋಷಣೆಯನ್ನು ಹಾಗೇ ಬಿಟ್ಟ ಲೇಖನಗಳು ಎರಡನೇ ಸುತ್ತಿನಲ್ಲಿ ಬೀಳುತ್ತವೆ. ಪಿ ಮೌಲ್ಯ 0.10 ಆಯಿತೆಂದು 'ಬೇಲಿಯಿಂದ ಪರಿಣಾಮವೇ ಇಲ್ಲ' ಎಂದು ಬರೆಯುವುದೂ ಅಷ್ಟೇ ತಪ್ಪು. ವಿಶ್ವಾಸಾಂತರದಲ್ಲಿ 18 ಗ್ರಾಂ ಹೆಚ್ಚಳಕ್ಕೂ ಜಾಗವಿದೆ.

ತಪ್ಪು ಕಲ್ಪನೆ: ಸರಾಸರಿ ತೆಗೆದರೆ ಮಾಹಿತಿ ನಷ್ಟ, ಮಿಶ್ರ ಮಾದರಿ ಹಾಕಿದರೆ ಎಲ್ಲ ಸರಿಹೋಗುತ್ತದೆ.

ಪ್ರತಿ ಪ್ಲಾಟಿನಲ್ಲೂ ಒಂದೇ ಸಂಖ್ಯೆಯ ಚೌಕಗಳಿದ್ದರೆ ಪ್ಲಾಟಿನ ಸರಾಸರಿಗಳ ಮೇಲೆ ಮಾಡಿದ ಸರಳ ಟಿ ಪರೀಕ್ಷೆಯೂ ಸರಿಯಾಗಿ ಕಟ್ಟಿದ ಮಿಶ್ರ ಮಾದರಿಯೂ ಬೇಲಿಯ ಬಗ್ಗೆ ಒಂದೇ ಉತ್ತರ ಕೊಡುತ್ತವೆ. ಚೌಕಗಳ ಸಂಖ್ಯೆ ಏರುಪೇರಾದಾಗ, ಚೌಕದ ಮಟ್ಟದಲ್ಲಿ ಅಳೆದ ಬೇರೆ ಅಂಶಗಳಿದ್ದಾಗ ಮಿಶ್ರ ಮಾದರಿಯ ಲಾಭ ನಿಜ. ಆದರೆ 'ಸರಿಯಾಗಿ ಕಟ್ಟಿದ' ಎಂಬಲ್ಲಿ ಒಂದು ಗುಂಡಿ ಇದೆ.

```
library(lmerTest)
m <- lmer(biomass ~ fence + (1 | plot), data = d)
summary(m)
```

ಹೊಲದ ಪುಸ್ತಕದಲ್ಲಿ ಬೇಲಿಯ ಪ್ಲಾಟುಗಳನ್ನು 1, 2, 3 ಎಂದೂ ತೆರೆದವನ್ನು ಮತ್ತೆ 1, 2, 3 ಎಂದೂ ಬರೆದುಕೊಳ್ಳುವ ರೂಢಿ ಇದೆ. ಅದೇ ಗುರುತುಗಳನ್ನು ಹಾಗೇ ಕಂಪ್ಯೂಟರಿಗೆ ಏರಿಸಿದರೆ, ಬೇಲಿಯ 1ನೇ ಪ್ಲಾಟು ಮತ್ತು ತೆರೆದ 1ನೇ ಪ್ಲಾಟು ಒಂದೇ ಜಾಗ ಎಂದು ಅದು ತಿಳಿಯುತ್ತದೆ. ನಮ್ಮ ಅಂಕಿಗಳಲ್ಲಿ ಆಗ ಟಿ ಮೌಲ್ಯ 3.8ಕ್ಕೆ ಏರುತ್ತದೆ, ಮೊದಲಿನ ತಪ್ಪು ಲೆಕ್ಕಕ್ಕಿಂತಲೂ ಹೆಚ್ಚು. ಇದನ್ನು ಪತ್ತೆಹಚ್ಚುವುದು ಸುಲಭ. ಫಲಿತಾಂಶದಲ್ಲಿ `Number of obs: 60, groups: plot, 6` ಎಂದು ಇರಬೇಕು. ಆರರ ಜಾಗದಲ್ಲಿ 3 ಇದ್ದರೆ ಗುರುತುಗಳನ್ನು ಬದಲಿಸಿ, `F1`, `F2`, `U1` ಎಂಬಂತೆ ಬೇರೆ ಬೇರೆ ಮಾಡಿ ಮತ್ತೆ ಓಡಿಸಬೇಕು. ಬೇಲಿಯ ಸಾಲಿನಲ್ಲಿ `df` ನಾಲ್ಕರ ಬಳಿ ಇದೆಯೇ ಎಂದೂ ನೋಡಬೇಕು. ಐವತ್ತರ ಮೇಲೆ ಇದ್ದರೆ ಚೌಕಗಳು ಮತ್ತೆ ಘಟಕವಾಗಿ ನುಸುಳಿವೆ ಎಂದರ್ಥ. ಈ ಎರಡು ಸಂಖ್ಯೆಗಳನ್ನು ಉತ್ತರಪತ್ರದಲ್ಲೇ ಬರೆದರೆ ವಿಮರ್ಶಕರಿಗೆ ಹುಡುಕುವ ಶ್ರಮ ತಪ್ಪುತ್ತದೆ.

ತಪ್ಪು ಕಲ್ಪನೆ: ಒಂದೇ ಒಂದು ಪ್ಲಾಟು ಇದ್ದರೂ ಸರಿಯಾದ ಲೇಖನವನ್ನು ಉಲ್ಲೇಖಿಸಿದರೆ ಪಾರಾಗಬಹುದು.

ಬೇಲಿ ಒಂದೇ, ತೆರೆದ ಜಾಗವೂ ಒಂದೇ ಇದ್ದಾಗ ಯಾವ ಮಾದರಿಯೂ ನೆರವಿಗೆ ಬಾರದು. ಮೂವತ್ತು ಮೂವತ್ತು ಚೌಕಗಳು ಹೇಳುವುದು ಆ ಎರಡು ಜಾಗಗಳು ಬೇರೆ ಬೇರೆ ಎಂದಷ್ಟೇ. ಬೇಲಿ ಹಾಕುವ ಮೊದಲೂ ಅವು ಬೇರೆಯೇ ಆಗಿದ್ದಿರಬಹುದು. ಇಂಥ ಹೊತ್ತಿನಲ್ಲಿ ಹಲವರು ಲೌರಿ ಒಕ್ಸಾನೆನ್ ಅವರು 2001ರಲ್ಲಿ 'ಒಯ್ಕೊಸ್' ಪತ್ರಿಕೆಯಲ್ಲಿ ಬರೆದ ಲೇಖನದ ಮೊರೆ ಹೋಗುತ್ತಾರೆ. ದೊಡ್ಡ ಪ್ರಮಾಣದ ಪ್ರಯೋಗಗಳನ್ನು ಪುನರಾವರ್ತನೆ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂಬುದು ಅವರ ವಾದ. ಹರ್ಲ್‌ಬರ್ಟ್ 2004ರಲ್ಲಿ ಅದೇ ಪತ್ರಿಕೆಯಲ್ಲಿ ಅದಕ್ಕೆ ಖಂಡನೆ ಬರೆದರು. ವಿಮರ್ಶಕರು ಎರಡನ್ನೂ ಓದಿರುತ್ತಾರೆ, ಆದ್ದರಿಂದ ಉಲ್ಲೇಖವೊಂದೇ ಗುರಾಣಿಯಾಗದು.

ಒಂದೇ ಪ್ರಯೋಗ ಮನವೊಲಿಸುವುದು ಹೇಗೆ ಎಂಬುದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತದ 226ನೇ ಸರೋವರ ಸಾಕ್ಷಿ. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಆ ಸರೋವರದ ಇಕ್ಕಟ್ಟಾದ ನಡುಭಾಗಕ್ಕೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಕಡೆಗೆ ಇಂಗಾಲ ಮತ್ತು ಸಾರಜನಕ ಸುರಿದರು, ರಂಜಕವನ್ನು ಒಂದೇ ಕಡೆಗೆ. ರಂಜಕ ಬಿದ್ದ ಪಾಲಿನಲ್ಲಿ ಪಾಚಿ ಹಬ್ಬಿ ನೀರಿನ ಬಣ್ಣವೇ ಬದಲಾಯಿತು. ಆಕಾಶದಿಂದ ತೆಗೆದ ಆ ಚಿತ್ರ 1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಪುನರಾವರ್ತನೆ ಇರಲಿಲ್ಲ. ಆದರೆ ಪರದೆ ಕಟ್ಟುವವರೆಗೂ ಎರಡೂ ಪಾಲು ಒಂದೇ ಸರೋವರವಾಗಿತ್ತು, ಪರಿಣಾಮ ಕಣ್ಣಿಗೆ ರಾಚುವಷ್ಟಿತ್ತು, ಅಕ್ಕಪಕ್ಕದ ಬೇರೆ ಸರೋವರಗಳ ಪ್ರಯೋಗಗಳೂ ಅದೇ ದಿಕ್ಕು ತೋರಿದವು. ಒಂದೇ ಬೇಲಿಯವರು ಉತ್ತರದಲ್ಲಿ ಕೊಡಬೇಕಾದದ್ದು ಈ ಬಗೆಯ ಆಧಾರ: ಬೇಲಿಗೆ ಮುಂಚಿನ ವರ್ಷಗಳ ತೂಕ, ಮಣ್ಣಿನ ಆಳ, ಸುತ್ತಲಿನ ಇತರ ಜಾಗಗಳಲ್ಲಿ ಹುಲ್ಲು ಎಷ್ಟು ಏರಿಳಿಯುತ್ತದೆ ಎಂಬ ಲೆಕ್ಕ. ಅವು ಇಲ್ಲದಿದ್ದರೆ ಉಪಚಾರದ ಪರೀಕ್ಷೆಯನ್ನು ಲೇಖನದಿಂದಲೇ ತೆಗೆದು, ಎರಡು ಜಾಗಗಳ ವಿವರಣೆಯಾಗಿ ಉಳಿಸಿಕೊಳ್ಳುವುದೇ ಸರಿ.

ತಪ್ಪು ಕಲ್ಪನೆ: ವಿಮರ್ಶಕರು ಹೇಳಿದರೆಂದರೆ ದೋಷ ಇದ್ದೇ ಇದೆ.

'ಪ್ಲಾಟುಗಳು ಒಂದಕ್ಕೊಂದು ತೀರ ಹತ್ತಿರ ಇವೆ, ಆದ್ದರಿಂದ ಹುಸಿ ಪುನರಾವರ್ತನೆ' ಎಂಬ ಆಕ್ಷೇಪ ಆಗಾಗ ಬರುತ್ತದೆ. ಹತ್ತಿರ ಇರುವುದೇ ದೋಷವಲ್ಲ. ಬೇಲಿ ಹಾಕಿದವು ಮತ್ತು ತೆರೆದವು ಒಂದರ ನಡುವೆ ಒಂದು ಬೆರೆತಿದ್ದು, ಯಾವುದಕ್ಕೆ ಬೇಲಿ ಎಂಬುದು ಚೀಟಿಯಿಂದ ತೀರ್ಮಾನವಾಗಿದ್ದರೆ, ಒಂದೇ ಕಾವಲಿನೊಳಗಿನ ಆರು ಪ್ಲಾಟುಗಳೂ ನಿಜವಾದ ಘಟಕಗಳೇ. ಫಲಿತಾಂಶ ಆ ಕಾವಲಿಗಷ್ಟೇ ಸೀಮಿತ ಎಂಬುದು ಬೇರೆ ಪ್ರಶ್ನೆ, ಅದನ್ನು ಲೇಖನದಲ್ಲಿ ಹೇಳಲೇಬೇಕು. ಮೂರೂ ಬೇಲಿಗಳು ರಸ್ತೆಯ ಬದಿಗೆ, ಮೂರೂ ತೆರೆದವು ಹಳ್ಳದ ಬದಿಗೆ ಬಿದ್ದಿದ್ದರೆ ಮಾತ್ರ ವಿಮರ್ಶಕರ ಅನುಮಾನ ನ್ಯಾಯವಾದದ್ದು. ಆಗ ಬೇಲಿಯನ್ನೂ ಹಳ್ಳದ ತೇವವನ್ನೂ ಬೇರ್ಪಡಿಸಲಾಗದು. ಇದನ್ನು ಮಾತಿನಲ್ಲಿ ವಾದಿಸುವುದಕ್ಕಿಂತ ಒಂದು ನಕ್ಷೆ ಮೇಲು. ಪ್ಲಾಟುಗಳ ಸ್ಥಾನ, ನಡುವಿನ ದೂರ, ಇಳಿಜಾರಿನ ದಿಕ್ಕು ಮತ್ತು ಹಂಚಿಕೆ ಮಾಡಿದ ವಿಧಾನ ಆ ನಕ್ಷೆಯಲ್ಲೂ ಅದರ ಅಡಿಬರಹದಲ್ಲೂ ಇರಲಿ, ನಕ್ಷೆ ಮುಖ್ಯ ಲೇಖನದಲ್ಲೇ ಸೇರಲಿ. ಇಂಥ ಆಕ್ಷೇಪಗಳಲ್ಲಿ ಹಲವು ಹುಟ್ಟುವುದು ಮೊದಲ ಪ್ರತಿಯ ವಿಧಾನ ಭಾಗದಲ್ಲಿ 'ಮೂರು ತಾಣಗಳಲ್ಲಿ ಮಾದರಿ ಸಂಗ್ರಹಿಸಲಾಯಿತು' ಎಂದು ಬರೆದು, ಯಾವುದಕ್ಕೆ ಏನನ್ನು ಹೇಗೆ ಹಂಚಿದೆವು ಎಂಬುದನ್ನು ಬಿಟ್ಟಾಗ.